ಬಾಣ ಹಿಡಿದು ಓದುವ ಬಗೆ

ಕರಿಹಲಗೆಯ ಮೇಲಿನ ಫ್ಲೋಚಾರ್ಟ್‌ನ ಫೋಟೊ ನೋಡಿ ಮೇಲಿನಿಂದ ಕೆಳಕ್ಕೆ ಬರೆದುಕೊಂಡರೆ ಪದಗಳೆಲ್ಲ ಸಿಗುತ್ತವೆ, ಅವುಗಳ ನಡುವಿನ ಸಂಬಂಧ ತಪ್ಪಿಹೋಗುತ್ತದೆ. ಆ ಸಂಬಂಧ ಇರುವುದು ಬಾಣಗಳಲ್ಲಿ. ಹಾಗಾಗಿ ಮೊದಲು ಪ್ರತಿ ಚೌಕಕ್ಕೂ ಒಂದು ಸಂಖ್ಯೆ ಕೊಡಿ. ಆಮೇಲೆ ಪ್ರತಿ ಬಾಣವನ್ನೂ ಒಂದು ಸಾಲಾಗಿ ಬರೆಯಿರಿ.

ಅಧಿಕ ವರ್ಷ ಗುರುತಿಸುವ ಚಿತ್ರ ಹೀಗಾಗುತ್ತದೆ:

1. ವರ್ಷ 4ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆಯೇ?
   - ಹೌದು: 2ಕ್ಕೆ ಹೋಗಿ
   - ಇಲ್ಲ: 5ಕ್ಕೆ ಹೋಗಿ
2. 100ರಿಂದ ಭಾಗವಾಗುತ್ತದೆಯೇ?
   - ಹೌದು: 3ಕ್ಕೆ ಹೋಗಿ
   - ಇಲ್ಲ: 4ಕ್ಕೆ ಹೋಗಿ
3. 400ರಿಂದ ಭಾಗವಾಗುತ್ತದೆಯೇ?
   - ಹೌದು: 4ಕ್ಕೆ ಹೋಗಿ
   - ಇಲ್ಲ: 5ಕ್ಕೆ ಹೋಗಿ
4. ಅಧಿಕ ವರ್ಷ
5. ಸಾಮಾನ್ಯ ವರ್ಷ

ವಜ್ರಾಕೃತಿಯ ಪೆಟ್ಟಿಗೆ ಎಂದರೆ ಪ್ರಶ್ನೆ. ಇಲ್ಲಿ ಪ್ರತಿಯೊಂದರಿಂದಲೂ ಎರಡು ಬಾಣ ಹೊರಡುತ್ತವೆ. ಮೂರು ಪ್ರಶ್ನೆಗೆ ಆರು ಬಾಣ, ಪಟ್ಟಿಯಲ್ಲೂ ಆರು ‘ಹೋಗಿ’ ಇರಬೇಕು. ಕಡಿಮೆ ಬಂದರೆ ಯಾವುದೋ ಬಾಣ ಬಿಟ್ಟುಹೋಗಿದೆ. 4 ಮತ್ತು 5ಕ್ಕೆ ಎರಡೆರಡು ಬಾಣಗಳು ಬಂದು ಸೇರುವುದರಿಂದ ಉತ್ತರವನ್ನು ಮತ್ತೆ ಮತ್ತೆ ಬರೆಯದೆ ಸಂಖ್ಯೆಯನ್ನಷ್ಟೇ ಹೇಳಿದರೆ ಸಾಕು.

‘ಹೌದು’, ‘ಇಲ್ಲ’ ಅದಲುಬದಲಾದರೆ ಎಣಿಕೆಯಿಂದ ತಿಳಿಯದು. ಅದಕ್ಕೆ ಉತ್ತರ ಗೊತ್ತಿರುವ ವರ್ಷಗಳನ್ನು ಹಾಕಿ ನೋಡಬೇಕು. 1900 ಸಾಮಾನ್ಯ ವರ್ಷ: 1, 2, 3 ದಾಟಿ 5ಕ್ಕೆ ಬರಬೇಕು. 2000 ಅಧಿಕ ವರ್ಷ: ಅದೇ ದಾರಿಯಲ್ಲಿ ಬಂದು 4ಕ್ಕೆ ಹೊರಳಬೇಕು. 2023 ಮೊದಲ ಪ್ರಶ್ನೆಯಿಂದಲೇ 5ಕ್ಕೆ, 2024 ಎರಡನೆಯದರಿಂದ 4ಕ್ಕೆ ಹೋಗಬೇಕು. ಈ ನಾಲ್ಕರಲ್ಲಿ ಆರೂ ಬಾಣಗಳ ಪರೀಕ್ಷೆಯಾಗುತ್ತದೆ.

ಮೈಂಡ್ ಮ್ಯಾಪ್‌ನಲ್ಲಿ ಹಿಂದುಮುಂದಿನ ಕ್ರಮವಿಲ್ಲ. ನಡುವಿನ ಗುಳ್ಳೆ ಶೀರ್ಷಿಕೆಯಾಗಲಿ, ಕೊಂಬೆಗಳು ಅದರಡಿ ಸಂಖ್ಯೆಯಿಲ್ಲದ ಗೆರೆಗಳಾಗಲಿ, ಉಪಕೊಂಬೆಗಳು ಇನ್ನಷ್ಟು ಒಳಸರಿಯಲಿ.