ಚದರ ಅಡಿ ಲೆಕ್ಕದಲ್ಲಿ ಅಂಗಡಿಯ ಬೋರ್ಡು

ಅಂಗಡಿಗೆ ಹೊಸ ಬೋರ್ಡು ಬೇಕಾದಾಗ ಎಷ್ಟೋ ಮಂದಿ ಬೋರ್ಡಿನವರಿಗೆ ವಾಟ್ಸಾಪಿನಲ್ಲಿ ಕಳಿಸುವುದು ಒಂದೇ ಸಾಲು: "12.6 × 3.3 ಬೋರ್ಡಿಗೆ ಎಷ್ಟಾಗುತ್ತೆ?" ಉತ್ತರವೂ ಅಷ್ಟೇ ಚುಟುಕು: "ಸ್ಕ್ವೇರ್ ಫೀಟಿಗೆ 300." ಮಾತು ಮುಗಿದ ಹಾಗೆ ಕಾಣುತ್ತದೆ. ಆದರೆ ಆ 300ನ್ನು ಎಷ್ಟರಿಂದ ಗುಣಿಸಬೇಕು, ಅದರೊಳಗೆ ಏನೇನು ಸೇರಿದೆ ಎಂಬುದು ಇನ್ನೂ ತೀರ್ಮಾನವಾಗಿರುವುದಿಲ್ಲ. ಬಿಲ್ಲು ಕೈಗೆ ಬಂದ ದಿನ ತಕರಾರು ಏಳುವುದು ಅಲ್ಲೇ. ಅದರ ಬದಲು ಹೀಗೊಂದು ಪತ್ರ ಬರೆದರೆ ಹೇಗೆ ನೋಡಿ. ಬರೆಯುತ್ತಿರುವವರು ಹಾಸನದ ಒಬ್ಬ ಬಟ್ಟೆ ವ್ಯಾಪಾರಿ ಎಂದಿಟ್ಟುಕೊಳ್ಳೋಣ.

"ಮಾನ್ಯರೇ,

ವಿಷಯ: ಅಂಗಡಿಯ ನಾಮಫಲಕಕ್ಕೆ ಚದರ ಅಡಿ ಲೆಕ್ಕದಲ್ಲಿ ಕೊಟೇಶನ್ ಕೋರಿ.

ನಮ್ಮ ಅಂಗಡಿಯ ಶಟರ್ ಮೇಲ್ಭಾಗಕ್ಕೆ ಎಸಿಪಿ ಬೋರ್ಡು ಬೇಕಾಗಿದೆ. ಅಗಲ 12 ಅಡಿ 6 ಇಂಚು, ಎತ್ತರ 3 ಅಡಿ 3 ಇಂಚು, ದಪ್ಪ 4 ಇಂಚು. ನಮ್ಮ ಲೆಕ್ಕಕ್ಕೆ ಮುಂಭಾಗ 40.625 ಚದರ ಅಡಿ ಆಗುತ್ತದೆ. ಇದೇ ಅಳತೆಗೆ ದರ ಹಾಕುತ್ತೀರೋ, ರೌಂಡ್ ಮಾಡುತ್ತೀರೋ ತಿಳಿಸಿ. ಕಬ್ಬಿಣದ ಫ್ರೇಮು, ಸಾಗಣೆ, ಫಿಟಿಂಗ್, ಜಿಎಸ್‌ಟಿ ಈ ದರದಲ್ಲಿ ಸೇರಿವೆಯೇ ತಿಳಿಸಿ. ಅಕ್ಷರಗಳ ದರವನ್ನು ಬೇರೆಯಾಗಿ ಬರೆಯಿರಿ. ಕೆಲಸ ಒಪ್ಪಿಸುವ ಮೊದಲು ನೀವೇ ಒಮ್ಮೆ ಬಂದು ಅಳತೆ ನೋಡಿಕೊಂಡು ಹೋಗಬೇಕೆಂದು ಕೋರಿಕೆ."

ಪತ್ರ ಇಷ್ಟೇ. ಆದರೆ ಇದರ ಒಂದೊಂದು ಸಾಲಿನ ಹಿಂದೆಯೂ ದುಡ್ಡಿದೆ.

ಮೊದಲು ಅಳತೆ. 12 ಅಡಿ 6 ಇಂಚನ್ನು 12.6 ಎಂದು ಬರೆಯುವ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ. ಅಡಿಗೆ 12 ಇಂಚು; ಹಾಗಾಗಿ 6 ಇಂಚೆಂದರೆ ಅರ್ಧ ಅಡಿ, ಅಂದರೆ 12.5. ಹಾಗೆಯೇ 3 ಅಡಿ 3 ಇಂಚು 3.25 ಆಗುತ್ತದೆ, 3.3 ಅಲ್ಲ. 12.5ನ್ನು 3.25ರಿಂದ ಗುಣಿಸಿದರೆ 40.625, ತಪ್ಪಾಗಿ ಬರೆದ 12.6 ಮತ್ತು 3.3ನ್ನು ಗುಣಿಸಿದರೆ 41.58. ಇಲ್ಲಿ ಹೋದದ್ದು ಒಂದು ಚದರ ಅಡಿಯಷ್ಟೇ. 12 ಅಡಿ 10 ಇಂಚನ್ನು 12.10 ಎಂದು ಬರೆದಿದ್ದರೆ ಕ್ಯಾಲ್ಕುಲೇಟರು ಅದನ್ನು 12.1 ಎಂದೇ ಓದುತ್ತದೆ, ಸುಮಾರು 9 ಇಂಚು ಮಾಯ! ಅಡಿ, ಇಂಚು ಎಂದು ಬಿಡಿಸಿ ಬರೆದರೆ ಈ ಗೊಂದಲವೇ ಇಲ್ಲ. ಅಗಲ ಯಾವುದು, ಎತ್ತರ ಯಾವುದು ಎಂದು ಹೆಸರಿಟ್ಟು ಹೇಳುವುದೂ ಅಷ್ಟೇ ಮುಖ್ಯ. ವಿಸ್ತೀರ್ಣದ ಲೆಕ್ಕದಲ್ಲಿ ಅಡ್ಡ ಬೋರ್ಡಿಗೂ ಉದ್ದುದ್ದ ನಿಲ್ಲುವ ಬೋರ್ಡಿಗೂ ವ್ಯತ್ಯಾಸ ಕಾಣುವುದಿಲ್ಲ.

ಟೇಪು ಹಿಡಿಯುವಾಗ ಗೋಡೆಯನ್ನು ನಂಬಬೇಡಿ. ಹಳೆಯ ಕಟ್ಟಡದಲ್ಲಿ ಎರಡು ಕಂಬಗಳ ನಡುವಿನ ಅಗಲ ಮೇಲೆ ಒಂದು, ಕೆಳಗೆ ಇನ್ನೊಂದು ಇರುತ್ತದೆ. ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು ಅತಿ ಕಡಿಮೆ ಬಂದದ್ದನ್ನೇ ಇಟ್ಟುಕೊಳ್ಳಬೇಕು. ಅದರಲ್ಲೂ ಎರಡು ಪಕ್ಕ ಅರ್ಧರ್ಧ ಇಂಚು ಬಿಡಬೇಕು, ಇಲ್ಲದಿದ್ದರೆ ಬೋರ್ಡು ಕಂಬಗಳ ನಡುವೆ ಕೂರುವುದಿಲ್ಲ.

ಇನ್ನು ರೌಂಡ್ ಮಾಡುವ ವಿಷಯ. ಅರ್ಧ ಅಡಿಗೋ ಪೂರ್ತಿ ಅಡಿಗೋ ಏರಿಸಿ ಲೆಕ್ಕ ಹಾಕುವುದು ಈ ಕಸುಬಿನಲ್ಲಿ ಹೊಸದಲ್ಲ. ನಮ್ಮ ಬೋರ್ಡನ್ನು 13 ಅಡಿ, 4 ಅಡಿ ಎಂದು ಹಿಡಿದರೆ 52 ಚದರ ಅಡಿಯಾಯಿತು, ಇರುವುದಕ್ಕಿಂತ 11 ಚದರ ಅಡಿಗೂ ಹೆಚ್ಚು. ಉದಾಹರಣೆಗೆ, ಒಬ್ಬರು ಚದರ ಅಡಿಗೆ 280 ರೂಪಾಯಿ ಹೇಳಿ ರೌಂಡ್ ಮಾಡುತ್ತಾರೆ, ಇನ್ನೊಬ್ಬರು 330 ಹೇಳಿ ಇದ್ದ ಅಳತೆಗೇ ಲೆಕ್ಕ ಹಾಕುತ್ತಾರೆ ಎನ್ನಿ. ಮೊದಲಿನವರ ಬಿಲ್ಲು 14,560 ರೂಪಾಯಿ, ಎರಡನೆಯವರದು 13,406. ಅಗ್ಗವೆಂದು ಕಂಡ ದರವೇ ದುಬಾರಿಯಾಯಿತು.

ಹಾಗಂತ ರೌಂಡ್ ಮಾಡುವವರೆಲ್ಲ ಮೋಸಗಾರರೆಂದು ನಾನು ಹೇಳಲಾರೆ. ಎಸಿಪಿ ಎಂದರೆ ಎರಡು ತೆಳು ಅಲ್ಯೂಮಿನಿಯಂ ಪದರಗಳ ನಡುವೆ ಪ್ಲಾಸ್ಟಿಕ್ ಇರುವ ಹಾಳೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 8 ಅಡಿಗೆ 4 ಅಡಿಯ ಹಾಳೆ. ಹನ್ನೆರಡೂವರೆ ಅಡಿ ಅಗಲಕ್ಕೆ ಇಂಥ ಎರಡು ಹಾಳೆ, ಅಂದರೆ 64 ಚದರ ಅಡಿ ಮಾಲು ಕೊಳ್ಳಲೇಬೇಕು. ಉಳಿದ ತುಂಡು ಮುಂದಿನ ಕೆಲಸಕ್ಕೆ ಬಂದರೆ ಸರಿ, ಬಾರದಿದ್ದರೆ ಆ ನಷ್ಟ ಬೋರ್ಡಿನವರದೇ. ಇದನ್ನು ತಿಳಿದ ಗಿರಾಕಿ ಅಳತೆಯನ್ನೇ ಸ್ವಲ್ಪ ಜಾಣತನದಿಂದ ಆರಿಸಿಕೊಳ್ಳಬಹುದು. ಹಾಳೆಯ ಹಿಂಬದಿಯಲ್ಲಿ ಗೀರು ಕೊರೆದು ಅಂಚನ್ನು ಹಿಂದಕ್ಕೆ ಮಡಚಿದಾಗ ಬೋರ್ಡಿಗೆ ದಪ್ಪ ಬರುತ್ತದೆ. ನಮ್ಮ ಬೋರ್ಡಿನ ಎತ್ತರ 39 ಇಂಚು. ಮೇಲೆ ಕೆಳಗೆ ನಾಲ್ಕು ನಾಲ್ಕು ಇಂಚು ಮಡಚಿದರೆ 47. ಹಾಳೆಯ ಅಗಲ 48 ಇಂಚಾದ್ದರಿಂದ ಒಂದೇ ತುಂಡಿನಲ್ಲಿ ಕೆಲಸ ಆಗಿಹೋಗುತ್ತದೆ. ಎತ್ತರವನ್ನು ಮೂರೂವರೆ ಅಡಿ ಮಾಡಿದಿರೋ, 50 ಇಂಚು ಬೇಕು, ಅಂಚಿಗೆ ಬೇರೆ ಪಟ್ಟಿ ಸೇರಿಸಬೇಕು, ಜಾಯಿಂಟು ಕಾಣುತ್ತದೆ. ಮೂರು ಇಂಚಿನ ಆಸೆಗೆ ಇಷ್ಟು ರಗಳೆ ಬೇಡ.

ಫ್ಲೆಕ್ಸ್ ಆಗಿದ್ದರೆ ಇನ್ನೂ ಅಗ್ಗವಾಗುತ್ತಿತ್ತಲ್ಲ ಎನ್ನಬಹುದು. 2016ರಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆಯಲ್ಲಿ ಫ್ಲೆಕ್ಸ್ ಹೆಸರೂ ಇದೆ. ಕಾಯಂ ಬೋರ್ಡಿಗೆ ಅದನ್ನು ನಂಬದಿರುವುದು ಲೇಸು.

ಅಕ್ಷರದ ದರವನ್ನು ಬೇರೆಯಾಗಿ ಕೇಳಿದ್ದಕ್ಕೂ ಕಾರಣವಿದೆ. ಎಸಿಪಿ ಮೇಲೆ ಕೂರಿಸುವ ಅಕ್ರಿಲಿಕ್ ಅಕ್ಷರಗಳಿಗೆ ಅನೇಕರು ಚದರ ಅಡಿಯ ದರ ಹಾಕುವುದಿಲ್ಲ. ಅಕ್ಷರದ ಎತ್ತರವನ್ನು ಇಂಚಿನಲ್ಲಿ ಅಳೆದು, ಇಂಚಿಗಿಷ್ಟು ಎಂದು ಪ್ರತಿ ಅಕ್ಷರಕ್ಕೂ ಹಾಕುತ್ತಾರೆ. ಇಂಗ್ಲಿಷಿನ ದೊಡ್ಡಕ್ಷರಗಳೆಲ್ಲ ಒಂದೇ ಎತ್ತರ, ಎಣಿಸುವುದೂ ಸುಲಭ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ. 'ಕಮಲ' ಎಂದು ಬರೆದರೆ ತೊಂದರೆಯಿಲ್ಲ. 'ವಸ್ತ್ರಾಲಯ' ಎಂದರೆ 'ಸ್ತ್ರಾ' ಒಂದೇ ಉಳಿದವುಗಳಿಗಿಂತ ಎಷ್ಟೋ ಕೆಳಕ್ಕೆ ಬರುತ್ತದೆ. ಎತ್ತರವನ್ನು ಒತ್ತು ಸೇರಿಸಿ ಅಳೆಯುತ್ತೀರೋ ಬಿಟ್ಟು ಅಳೆಯುತ್ತೀರೋ, ಒತ್ತನ್ನು ಬೇರೆ ಅಕ್ಷರವೆಂದು ಎಣಿಸುತ್ತೀರೋ ಎಂದು ಕೇಳಿಯೇ ಬಿಡಬೇಕು.

ವಿಸ್ತೀರ್ಣದ ಲೆಕ್ಕ ಕಾನೂನಿಗೂ ಬೇಕು. 2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ ಪ್ರಕಾರ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕು, ಅದೂ ಮೇಲ್ಭಾಗದಲ್ಲಿ. ನಮ್ಮ ಬೋರ್ಡಿನ ಶೇ 60 ಎಂದರೆ 24.375 ಚದರ ಅಡಿ. ಬೋರ್ಡನ್ನು ಅಡ್ಡಕ್ಕೆ ಭಾಗ ಮಾಡಿಕೊಂಡರೆ ಮೇಲಿನ ಇಪ್ಪತ್ಮೂರೂವರೆ ಇಂಚು ಕನ್ನಡಕ್ಕೆ, ಕೆಳಗಿನ ಹದಿನೈದೂವರೆ ಇಂಚು ಬೇರೆ ಭಾಷೆ, ಫೋನ್ ನಂಬರು ಇತ್ಯಾದಿಗಳಿಗೆ. ಮೇಲಿನ ಜಾಗದಲ್ಲಿ ಒತ್ತಕ್ಷರಕ್ಕೂ ಅವಕಾಶ ಉಳಿಯಬೇಕಾದ್ದರಿಂದ, ಡಿಸೈನ್ ನೋಡಿ ಒಪ್ಪಿಗೆ ಕೊಡುವ ಹೊತ್ತಿಗೇ ಈ ಗೆರೆ ಎಳೆಸಿ ನೋಡಬೇಕು.

ಕೊಟೇಶನ್ ಬಂದ ಮೇಲೆ ಪತ್ರದ ಪ್ರತಿಯನ್ನು ಎಸೆಯಬೇಡಿ. ಬೋರ್ಡು ಗಾಡಿಯಿಂದ ಇಳಿದ ಕೂಡಲೇ, ಗೋಡೆಗೆ ಏರಿಸುವ ಮೊದಲು, ಪತ್ರದಲ್ಲಿ ಬರೆದ ಅಗಲ, ಎತ್ತರ, ದಪ್ಪ ಮೂರನ್ನೂ ನೀವೇ ಟೇಪು ಹಿಡಿದು ನೋಡಿ. ಬಾಕಿ ಹಣವನ್ನು ಆಮೇಲೆ ಕೊಡಿ.