ಔಷಧಿಗೆ ಜಗ್ಗದ ಗುಣ ದಾಟುವ ದಾರಿ

1972ರಲ್ಲಿ ನೆರೆಯ ಕೇರಳದ ಕೋಳಿಕ್ಕೋಡಿನಲ್ಲಿ ಕ್ಲೋರಾಂಫೆನಿಕಾಲ್ ಔಷಧಿಗೆ ಜಗ್ಗದ ಟೈಫಾಯ್ಡ್ ಕಾಣಿಸಿಕೊಂಡಿತು. ಆ ರೋಗಾಣುವನ್ನು ಬೇರೆ ಬ್ಯಾಕ್ಟೀರಿಯಾದೊಡನೆ ಬೆಳೆಸಿದಾಗ ಅದಕ್ಕೂ ಈ ಗುಣ ಅಂಟಿತು.

ಹೀಗೆ ವಂಶವಾಹಿ ದಾಟಲು ಮೂರು ದಾರಿಗಳುಂಟು. ಯಾವುದೆಂದು ತಿಳಿಯುವುದು ಹೇಗೆ? ಎರಡು ಬಗೆಯ ಬ್ಯಾಕ್ಟೀರಿಯಾಗಳ ನಡುವೆ, ಅವು ನುಸುಳಲಾರದಷ್ಟು ಸಣ್ಣ ರಂಧ್ರಗಳ ಸೋಸುಪರದೆ ಇಡಬೇಕು. ದಾಟುವಿಕೆ ನಿಂತರೆ ಅದು ಕಾಂಜುಗೇಷನ್. ಅದಕ್ಕೆ ಮೈಗೆ ಮೈ ತಾಗಲೇಬೇಕು. ಕೋಳಿಕ್ಕೋಡಿನಂಥ ಪ್ರಕರಣಗಳಲ್ಲಿ ಪ್ಲಾಸ್ಮಿಡ್ ಎಂಬ ಡಿಎನ್ಎ ಉಂಗುರ ಸಾಗುವುದು ಹೀಗೆಯೇ.

ನಿಲ್ಲದಿದ್ದರೆ ಡಿಎನ್ಎ ಕತ್ತರಿಸುವ ಕಿಣ್ವ ಬೆರೆಸಬೇಕು. ಆಗ ನಿಂತರೆ ಟ್ರಾನ್ಸ್‌ಫರ್ಮೇಷನ್, ಅಂದರೆ ಸತ್ತ ಜೀವಕೋಶ ಚೆಲ್ಲಿದ ಬರಿ ಡಿಎನ್ಎಯನ್ನು ಹೀರಿಕೊಳ್ಳುವ ದಾರಿ. ಆಗಲೂ ನಡೆದರೆ ಟ್ರಾನ್ಸ್‌ಡಕ್ಷನ್: ಇಲ್ಲಿ ಹೊರುವಾಳು ವೈರಸ್. ಅದು ಪರದೆಯನ್ನು ದಾಟಬಲ್ಲದು, ಅದರ ಚಿಪ್ಪಿನೊಳಗಿನ ಡಿಎನ್ಎಗೆ ಕಿಣ್ವ ತಾಗದು. 1952ರಲ್ಲಿ ಜಿಂಡರ್ ಮತ್ತು ಲೆಡರ್‌ಬರ್ಗ್ ಇದನ್ನು ಕಂಡದ್ದು ಟೈಫಾಯ್ಡ್ ರೋಗಾಣುವಿನ ಹತ್ತಿರದ ಬಂಧುವಿನಲ್ಲಿ. ಆದರೆ ಚಿಪ್ಪು ಪುಟ್ಟದು, ದೊಡ್ಡ ಪ್ಲಾಸ್ಮಿಡ್ ಅದರಲ್ಲಿ ಹಿಡಿಸದು.