ಅಜ್ಜಿಯ ಧಾರೆ ಸೀರೆ

ಮದುವಣಗಿತ್ತಿಗೆ ಧಾರೆಯ ಹೊತ್ತಿನಲ್ಲಿ ಬಿಳಿಯ ಸೀರೆಯೇ ಏಕೆ? ನಮ್ಮ ಕನಕಪುರದ ಸೀಮೆಯ ಹಲವು ಮನೆಗಳಲ್ಲಿ ನಡೆದುಬಂದಿರುವ ಈ ವಾಡಿಕೆಯನ್ನು ಅಜ್ಜಿಯೊಬ್ಬಳು ಮೊಮ್ಮಗಳಿಗೆ ತಿಳಿಯಹೇಳಿದ ಬಗೆಯನ್ನು ಸಣ್ಣದೊಂದು ಕಥೆಯಾಗಿ ಹೇಳುತ್ತೇನೆ.

ಮದುವೆಗೆ ಎಂಟು ದಿನವಿತ್ತು. ಅಜ್ಜಿ ಉಟ್ಟಿದ್ದ ಕೆಂಪಂಚಿನ ರೇಷ್ಮೆಯ ಧಾರೆ ಸೀರೆಯನ್ನೇ ತಾನೂ ಉಡಬೇಕೆಂದು ಮೊಮ್ಮಗಳ ಆಸೆ. ಪೆಟ್ಟಿಗೆಯಿಂದ ತೆಗೆದವಳೇ ಯಾರನ್ನೂ ಕೇಳದೆ ಬಟ್ಟೆಸೋಪು ಹಾಕಿ ಒಗೆದಳು. ಹರವಿ ನೋಡಿದರೆ ನಾಲ್ಕು ಮೂಲೆಗಳಲ್ಲಿಯೂ ಕೆಂಪು ಕಲೆ!

"ಅಜ್ಜೀ, ಅಂಚಿನ ಬಣ್ಣ ಬಿಟ್ಟುಬಿಡ್ತು" ಎಂದು ಅತ್ತಳು.

ಅಜ್ಜಿ ನಿಂಬೆಹಣ್ಣು ಕೊಯ್ದು ಒಂದು ಕಲೆಯ ಮೇಲೆ ಎರಡು ತೊಟ್ಟು ಹಿಂಡಿದಳು. ಕೆಂಪು ಅಳಿದು ಹಳದಿಯಾಯಿತು.

"ಅಂಚಿನ ಬಣ್ಣವಾಗಿದ್ರೆ ಹೀಗೆ ಹಳದಿಗೆ ತಿರುಗ್ತಿರಲಿಲ್ಲ ಮಗಾ. ಇದು ಹೊಸ ಸೀರೆಯ ಮೂಲೆಗೆ ನಮ್ಮವ್ವ ಹಚ್ಚಿದ್ದ ಅರಿಸಿನ. ಅರಿಸಿನದ ನೀರಿಗೆ ಸುಣ್ಣ ಬಿದ್ರೆ ಆರತಿಯ ಓಕುಳಿ ಕೆಂಪಾಗಲ್ವೇ?"

ಸೋಪಿನಲ್ಲಿರುವ ಕ್ಷಾರವು ಇಲ್ಲಿ ಸುಣ್ಣದ ಕೆಲಸವನ್ನೇ ಮಾಡಿತ್ತು. ಹುಳಿ ಸೋಕಿದೊಡನೆ ಅರಿಸಿನ ತನ್ನ ಬಣ್ಣಕ್ಕೆ ಮರಳಿತು. ಒಂದು ಬೋಗುಣಿ ತಣ್ಣೀರಿಗೆ ನಿಂಬೆರಸ ಬೆರೆಸಿ ಮೂಲೆಗಳನ್ನು ಅದ್ದಿ, ಮತ್ತೆ ಬರಿಯ ನೀರಿನಲ್ಲಿ ಜಾಲಾಡಿ, ಅಜ್ಜಿ ಸೀರೆಯನ್ನು ನೆರಳಿಗೆ ಹಾಕಿದಳು. ಅರಿಸಿನ ಬಿಸಿಲಿಗೆ ಮಾಸುವ ಬಣ್ಣ. ಪೆಟ್ಟಿಗೆಯ ಕತ್ತಲೆಯಲ್ಲಿದ್ದುದರಿಂದಲೇ ಅದು ಇಷ್ಟು ಕಾಲ ಉಳಿದಿತ್ತು.

"ಬಿಳಿಯೇ ಯಾಕಜ್ಜಿ?"

"ಬೇರೆ ಬಣ್ಣ ಹತ್ತದ ಬಟ್ಟೆಯ ಮೇಲಲ್ವೇ ಅರಿಸಿನ ಕಾಣೋದು? ಹುಳು ಹಳದಿಯ ಗೂಡು ಕಟ್ಟಿದ್ರೂ, ನೂಲನ್ನು ಸೋಪಿನ ನೀರಲ್ಲಿ ಬೇಯಿಸಿದ್ರೆ ಅಂಟು ಬಿಟ್ಟು ಬೆಳ್ಳಗಾಗುತ್ತೆ. ಆಮೇಲೆ ಹಳದಿ ಕೊಡೋದು ನಾವು."

ಈ ಮಾತು ನಿಜ. ಮೈಸೂರು ತಳಿಯ ಗೂಡಿನ ಹಳದಿ ಇರುವುದು ಅಂಟಿನಲ್ಲಿ. ಆ ಅಂಟು ಹೋದರೆ ನೂಲಿನ ತೂಕದಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಕಡಿಮೆಯಾಗುತ್ತದೆ.

ಸೀಮಂತಕ್ಕೆ ಹಸಿರು ಸೀರೆಯೆಂದೂ, ಮದುವೆಗೆ ಕರಿಯದು ಸಲ್ಲದೆಂದೂ ಅಜ್ಜಿ ಹೇಳಿದಳು. ಇಲ್ಲಿ ನಾನೊಂದು ಮಾತು ಸೇರಿಸಬೇಕು: ಉತ್ತರ ಕರ್ನಾಟಕದಲ್ಲಿ ಬಸುರಿಗೆ ಕರಿಯ ಚಂದ್ರಕಾಳಿ ಸೀರೆ ಉಡಿಸುವುದುಂಟು. ನಮಗೆ ಅಶುಭವಾದ ಬಣ್ಣ ಅವರಿಗೆ ಸಂಭ್ರಮದ್ದು!

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ತಾತ ಹೋದ ಮೇಲೆ ನಿನಗೆ ಉಡಿಸಿದ್ದೂ ಬಿಳೀನೇ ಅಲ್ವಾ?"

"ಅದಕ್ಕೆ ಅಂಚಿರಲಿಲ್ಲ, ಅರಿಸಿನವೂ ಇರಲಿಲ್ಲ" ಎಂದಳು ಅಜ್ಜಿ. "ಧಾರೆಯ ಬಿಳಿಗೆ ಕಾರಣ ಹೇಳಿದೆ. ಅದಕ್ಕೆ ಏನು ಕಾರಣ ಅಂತ ನನಗೆ ಯಾರೂ ಹೇಳಲಿಲ್ಲ."

"ಹಾಗಾದ್ರೆ ಮದುವೆಯ ದಿನ ನೀನೂ ಅಂಚಿನ ಸೀರೆ ಉಡಬೇಕು."

ಅಜ್ಜಿ ಉತ್ತರ ಕೊಡಲಿಲ್ಲ. ಎದ್ದು ಹೋಗಿ, ನೆರಳಿನಲ್ಲಿದ್ದ ಸೀರೆಯನ್ನು ಮಗ್ಗುಲು ಬದಲಿಸಿ ಹರವಿದಳು. ಕೆಂಪಂಚಿನ ಮೇಲೆ ಅವಳ ಕೈ ಸ್ವಲ್ಪ ಹೊತ್ತು ನಿಂತಿತ್ತು.